ಬಿಲ್ ಯಾರ ಹೆಸರಿಗೆ? ಬೆಂಗಳೂರಿನ ಐಟಿ ಪಟ್ಟಿಯಲ್ಲಿ ಕ್ಯಾಪ್ಟಿವ್ ಸೆಂಟರ್ ಗುರುತಿಸುವ ಬಗೆ

(ಬಳ್ಳಾರಿಯಲ್ಲಿ ಕೊನೆಯ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊಟ್ಟ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ಕೆಲವರು ನನಗೆ ಮೊದಲೇ ಒಂದು ಪಟ್ಟಿ ಕಳಿಸಿದ್ದಿರಿ. ಮೇಲೆ "ಬೆಂಗಳೂರಿನ ಐಟಿ ಕಂಪನಿಗಳು" ಅಂತ ಇದೆ. ಕೆಳಗೆ ಇನ್ಫೋಸಿಸ್, ಟಾರ್ಗೆಟ್, ವಿಪ್ರೋ, ಗೋಲ್ಡ್‌ಮನ್ ಸ್ಯಾಕ್ಸ್, ಅಕ್ಸೆಂಚರ್, ಮರ್ಸಿಡಿಸ್-ಬೆಂಜ್ ರಿಸರ್ಚ್, ಕಾಗ್ನಿಜೆಂಟ್, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಎಲ್ಲವೂ ಒಂದರ ಕೆಳಗೊಂದು. ಪಕ್ಕದ ಕಾಲಮಿನಲ್ಲಿ ಎಲ್ಲದಕ್ಕೂ ಒಂದೇ ಮಾತು: ಐಟಿ ಸರ್ವೀಸಸ್.

ಒಂದು ಕ್ಷಣ ಯೋಚನೆ ಮಾಡಿ. ಟಾರ್ಗೆಟ್ ಅಂದರೆ ಅಮೆರಿಕದ ದೊಡ್ಡ ಅಂಗಡಿ ಸರಪಳಿ. ಬಟ್ಟೆ, ದಿನಸಿ, ಮನೆ ಸಾಮಾನು ಮಾರುತ್ತದೆ. ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕು. ಮರ್ಸಿಡಿಸ್ ಕಾರು ಮಾಡುತ್ತದೆ. ಇವರು ಯಾರೂ ಹೊರಗಿನವರಿಗೆ ಸಾಫ್ಟ್‌ವೇರ್ ಬರೆದುಕೊಟ್ಟು ಬದುಕುವವರಲ್ಲ. ಆದರೆ ಇವರಿಗೆಲ್ಲ ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಕಚೇರಿಗಳಿವೆ, ಒಳಗೆ ಕೂತವರು ಕೋಡ್ ಬರೆಯುತ್ತಾರೆ. ಇನ್ಫೋಸಿಸ್‌ನಲ್ಲಿ ಕೂತವರೂ ಕೋಡ್ ಬರೆಯುತ್ತಾರೆ. ಕೆಲಸ ಒಂದೇ ಥರ ಕಾಣುತ್ತದೆ, ಆದರೆ ಕಂಪನಿಯ ಜಾತಿಯೇ ಬೇರೆ. ಈ ಎರಡನ್ನು ಬೇರೆ ಮಾಡುವುದು ಹೇಗೆ ಅನ್ನೋದೊಂದೇ ಇವತ್ತಿನ ವಿಷಯ.

ನಮ್ಮ ಜಿಲ್ಲೆಯವರಿಗೆ ಕ್ಯಾಪ್ಟಿವ್ ಅನ್ನೋ ಪದ ಹೊಸದಲ್ಲ. ಸಂಡೂರಿನ ಕಡೆಯವರು ಯಾರಾದರೂ ಇದ್ದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ. ದೋಣಿಮಲೈಯಲ್ಲಿ ಎನ್‌ಎಂಡಿಸಿ ಅದಿರು ತೆಗೆದು ಮಾರುತ್ತದೆ, ಬೇಕಾದವರು ಕೊಳ್ಳುತ್ತಾರೆ. ಅದೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಹರಾಜಿನಲ್ಲಿ ಹಿಡಿದ ಗಣಿಯ ಅದಿರು ಅದೇ ಕಾರ್ಖಾನೆಯ ಕುಲುಮೆಗೆ ಹೋಗುತ್ತದೆ. ಅದನ್ನು ಕ್ಯಾಪ್ಟಿವ್ ಗಣಿ ಅಂತೀವಿ. ಎರಡೂ ಕಡೆ ಅದೇ ಕೆಂಪು ಮಣ್ಣು, ಅದೇ ಟಿಪ್ಪರ್, ಅದೇ ಡ್ರಿಲ್ಲಿಂಗ್. ಗುಡ್ಡದ ಕೆಳಗೆ ನಿಂತು ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಿರು ಯಾರಿಗೆ ಹೋಗುತ್ತೆ ಅಂತ ಕೇಳಿದಾಗ ಗೊತ್ತಾಗುತ್ತದೆ.

ಕ್ಯಾಪ್ಟಿವ್ ಸೆಂಟರ್ ಕೂಡ ಹಾಗೇ. ವಿದೇಶದ ಒಂದು ಕಂಪನಿ ತನ್ನದೇ ಕೆಲಸಕ್ಕೆ, ತನ್ನದೇ ದುಡ್ಡಿನಲ್ಲಿ ಇಲ್ಲಿ ತೆರೆದ ಕಚೇರಿ. ಹಿಂದೆ ಜಿಐಸಿ ಅಂತಿದ್ದರು, ಈಗ ಎಲ್ಲರ ಬಾಯಲ್ಲೂ ಜಿಸಿಸಿ, ಗ್ಲೋಬಲ್ ಕೆಪಬಿಲಿಟಿ ಸೆಂಟರ್. ಹೆಸರು ಹೊಸದು, ವಿಷಯ ಹಳೆಯದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಿದ್ದು 1985ರಲ್ಲಿ, ತನ್ನದೇ ಚಿಪ್ ವಿನ್ಯಾಸದ ಕೆಲಸಕ್ಕೆ. ಮರ್ಸಿಡಿಸ್ 1996, ಗೋಲ್ಡ್‌ಮನ್ ಸ್ಯಾಕ್ಸ್ 2004, ಟಾರ್ಗೆಟ್ 2005. ಇನ್ಫೋಸಿಸ್, ವಿಪ್ರೋದಂಥವು ಇನ್ನೊಂದು ಕಡೆ. ಅವರು ಹತ್ತಾರು ದೇಶದ ನೂರಾರು ಗಿರಾಕಿಗಳಿಗೆ ಕೆಲಸ ಮಾಡಿಕೊಟ್ಟು ಬಿಲ್ ಮಾಡುತ್ತಾರೆ. ಒಬ್ಬ ಗಿರಾಕಿ ಹೋದರೆ ಇನ್ನೊಬ್ಬರನ್ನು ಹುಡುಕುತ್ತಾರೆ.

ಹೆಸರು ನೋಡಿ ಹೇಳೋಕಾಗುತ್ತಾ? ಆಗುವುದಿಲ್ಲ. ಗೋಲ್ಡ್‌ಮನ್‌ನವರ ಇಲ್ಲಿನ ಕಂಪನಿಯ ಹೆಸರೇ "ಗೋಲ್ಡ್‌ಮನ್ ಸ್ಯಾಕ್ಸ್ ಸರ್ವೀಸಸ್ ಪ್ರೈವೇಟ್ ಲಿಮಿಟೆಡ್". ಸರ್ವೀಸಸ್ ಅಂತ ಇದೆ, ಆದರೂ ಅದು ಕ್ಯಾಪ್ಟಿವ್. ಸೊಲ್ಯೂಷನ್ಸ್, ಟೆಕ್ನಾಲಜೀಸ್, ಲ್ಯಾಬ್ಸ್, ಇಂಡಿಯಾ, ಗ್ಲೋಬಲ್, ಈ ಪದಗಳನ್ನು ಎರಡೂ ಕಡೆಯವರು ಧಾರಾಳವಾಗಿ ಬಳಸುತ್ತಾರೆ. ಕಟ್ಟಡ ನೋಡಿಯೂ ಹೇಳೋಕಾಗಲ್ಲ, ಒಂದೇ ಟೆಕ್ ಪಾರ್ಕಿನ ಒಂದೇ ಟವರಿನಲ್ಲಿ ಮೂರನೇ ಮಹಡಿ ಕ್ಯಾಪ್ಟಿವ್, ನಾಲ್ಕನೇ ಮಹಡಿ ಸರ್ವೀಸಸ್ ಇರುತ್ತದೆ.

ಹಾಗಾಗಿ ನಾನು ಕೇಳುವ ಮೊದಲ ಪ್ರಶ್ನೆ ಒಂದೇ. ಈ ಕಂಪನಿ ಬಿಲ್ ಮಾಡುವುದು ಯಾರ ಹೆಸರಿಗೆ?

ಇದಕ್ಕೆ ಉತ್ತರ ಹುಡುಕಲು ಮೊದಲು ಕಂಪನಿಯ ಪೂರ್ತಿ ಹೆಸರು ಬೇಕು, ಬ್ರ್ಯಾಂಡ್ ಹೆಸರಲ್ಲ. ಅದರ ಜೊತೆ ಸಿಐಎನ್ ನಂಬರ್ ಸಿಕ್ಕರೆ ಇನ್ನೂ ಒಳ್ಳೆಯದು. ಇಲ್ಲಿ ನೋಂದಣಿಯಾದ ಪ್ರತಿ ಕಂಪನಿಗೂ 21 ಅಕ್ಷರ-ಅಂಕಿಗಳ ಈ ನಂಬರ್ ಇರುತ್ತದೆ. ಕಂಪನಿ ಕಾಯ್ದೆಯ ಪ್ರಕಾರ ಲೆಟರ್‌ಹೆಡ್ಡಿನ ಮೇಲೆ ಇದನ್ನು ಹಾಕಲೇಬೇಕು. ಹಾಗಾಗಿ ಆಫರ್ ಲೆಟರ್ ಕೈಗೆ ಬಂದ ತಕ್ಷಣ ಸಂಬಳದ ಸಾಲು ನೋಡಿಯಾದ ಮೇಲೆ, ಅದನ್ನು ನೋಡದೆ ಯಾರೂ ಇರಲ್ಲ ಬಿಡಿ, ಕಾಗದದ ಕೆಳಗಿನ ಅಂಚಿಗೆ ಕಣ್ಣು ಹಾಯಿಸಿ. ಸಣ್ಣಕ್ಷರದಲ್ಲಿ ಇರುತ್ತದೆ. ಇನ್ಫೋಸಿಸ್‌ನದು ಹೀಗಿದೆ:

```
L85110KA1981PLC013115
```

ಮೊದಲ L ಅಂದರೆ ಷೇರು ಪೇಟೆಯಲ್ಲಿ ಇರುವ ಕಂಪನಿ. ಇಲ್ಲದಿದ್ದರೆ U ಇರುತ್ತದೆ. ಮುಂದಿನ ಐದು ಅಂಕಿ ಉದ್ಯಮದ ಕೋಡ್. KA ಕರ್ನಾಟಕ. 1981 ಹುಟ್ಟಿದ ವರ್ಷ. PLC ಅಂದರೆ ಪಬ್ಲಿಕ್ ಲಿಮಿಟೆಡ್. ಕೊನೆಯ ಆರು ಅಂಕಿ ನೋಂದಣಿ ಸಂಖ್ಯೆ. ನಿಮಗೆ ಬೇಕಾದ್ದು ವರ್ಷದ ನಂತರದ ಮೂರು ಅಕ್ಷರ. ಅಲ್ಲಿ FTC ಅಂತ ಇದ್ದರೆ ಅದು ವಿದೇಶಿ ಕಂಪನಿಯ ಕೈಕೆಳಗಿನ ಪ್ರೈವೇಟ್ ಕಂಪನಿ. PTC ಇದ್ದರೆ ಸಾಮಾನ್ಯ ಪ್ರೈವೇಟ್ ಲಿಮಿಟೆಡ್.

ಇಲ್ಲಿ ಒಂದು ಎಚ್ಚರಿಕೆ. ಈ ನಂಬರನ್ನೇ ನಂಬಿ ಕೂರಬೇಡಿ. ವಿಪ್ರೋದ ನಂಬರ್ L32102KA1945PLC020800. 1945 ಅಂತ ಇದೆ, ಯಾಕೆಂದರೆ ವಿಪ್ರೋ ಶುರುವಾಗಿದ್ದು ಮಹಾರಾಷ್ಟ್ರದ ಅಮಳನೇರಿನಲ್ಲಿ ಅಡುಗೆ ಎಣ್ಣೆ ಮಾಡುವ ಕಂಪನಿಯಾಗಿ. ಆದರೂ ಇವತ್ತು ನಂಬರಿನಲ್ಲಿ KA ಇದೆ. ಇನ್ಫೋಸಿಸ್ ಹುಟ್ಟಿದ್ದೂ ಪುಣೆಯಲ್ಲಿ, ಅದಕ್ಕೂ KA ಇದೆ. ಅಂದರೆ ನಂಬರಿನ ರಾಜ್ಯ ಈಗಿನ ನೋಂದಾಯಿತ ಕಚೇರಿ ಎಲ್ಲಿದೆ ಅಂತ ಹೇಳುತ್ತದೆ, ಹುಟ್ಟಿದ್ದು ಎಲ್ಲಿ ಅಂತ ಹೇಳಲ್ಲ. FTC ಅಕ್ಷರಗಳೂ ಅಷ್ಟೇ. ಭಾರತದವರು ಶುರು ಮಾಡಿದ ಕಂಪನಿಯನ್ನು ಆಮೇಲೆ ವಿದೇಶದವರು ಕೊಂಡಿದ್ದರೆ ಎಷ್ಟೋ ಸಲ PTC ಹಾಗೇ ಉಳಿದಿರುತ್ತದೆ. ನಂಬರು ಸುಳಿವು ಕೊಡುತ್ತದೆ, ತೀರ್ಪು ಕೊಡಲ್ಲ. ಇನ್ನು ಕೆಲವು ವಿದೇಶಿ ಕಂಪನಿಗಳು ಇಲ್ಲಿ ಬೇರೆ ಕಂಪನಿ ಮಾಡದೆ ಬರೀ ಶಾಖೆ ತೆರೆದಿರುತ್ತವೆ, ಅವುಗಳಿಗೆ ಸಿಐಎನ್ ಇರುವುದೇ ಇಲ್ಲ, F ಅಕ್ಷರದಿಂದ ಶುರುವಾಗುವ ಬೇರೆ ನಂಬರ್ ಇರುತ್ತದೆ.

ತೀರ್ಪು ಸಿಗುವುದು ಲೆಕ್ಕಪತ್ರದಲ್ಲಿ. ಕೇಂದ್ರ ಸರ್ಕಾರದ ಕಂಪನಿ ವ್ಯವಹಾರಗಳ ಸಚಿವಾಲಯದ ತಾಣ mca.gov.in ಇದೆ. ಅಲ್ಲಿ ಲಾಗಿನ್ ಮಾಡಿ ಕಂಪನಿಯ ಹೆಸರು ಹಾಕಿದರೆ ಮೂಲ ಮಾಹಿತಿ ಪುಕ್ಕಟೆ ಸಿಗುತ್ತದೆ. ಕಂಪನಿ ಪ್ರತಿ ವರ್ಷ ಸಲ್ಲಿಸುವ ಲೆಕ್ಕಪತ್ರವನ್ನು ನೋಡಲು 100 ರೂಪಾಯಿ ಶುಲ್ಕ. AOC-4 ಅನ್ನೋ ಫಾರಂ ಜೊತೆ ಲೆಕ್ಕಪತ್ರ ಇರುತ್ತದೆ, MGT-7 ಅನ್ನೋದರಲ್ಲಿ ಮಾಲೀಕ ಕಂಪನಿ ಯಾರು ಅನ್ನೋದಿರುತ್ತದೆ. ಪ್ರೈವೇಟ್ ಕಂಪನಿಯದೂ ನೋಡಬಹುದು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಮೂರು ಗೆಳೆಯರು ಸೇರಿ 100 ರೂಪಾಯಿ ಹಾಕಿದರೆ ಮೂವರೂ ಓದಬಹುದು ಅಲ್ವಾ.

ಲೆಕ್ಕಪತ್ರ ಅಂದರೆ ನೂರು ಪುಟ ಇರಬಹುದು, ಹೆದರಬೇಡಿ. ಎರಡು ಕಡೆ ನೋಡಿದರೆ ಸಾಕು. ಮೊದಲನೆಯದು "ರೆವೆನ್ಯೂ ಫ್ರಮ್ ಆಪರೇಷನ್ಸ್", ಅಂದರೆ ವರ್ಷದ ವ್ಯವಹಾರದ ಆದಾಯ. ಎರಡನೆಯದು ಕೊನೆಯ ಕಡೆ ಬರುವ "ರಿಲೇಟೆಡ್ ಪಾರ್ಟಿ" ಟಿಪ್ಪಣಿ. ಅಂದರೆ ತನ್ನ ಬಳಗದ ಕಂಪನಿಗಳ ಜೊತೆ ಎಷ್ಟು ವ್ಯವಹಾರ ಮಾಡಿದೆ ಅನ್ನೋ ಲೆಕ್ಕ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಿ. ಆದಾಯ 112 ಕೋಟಿ, ಬಳಗದಿಂದ ಬಂದದ್ದೂ 112 ಕೋಟಿ ಅಂದರೆ ಹೊರಗಿನ ಗಿರಾಕಿ ಒಬ್ಬನೂ ಇಲ್ಲ.

112 ಅಂತ ಸುಮ್ನೆ ಹೇಳಲಿಲ್ಲ. ಕ್ಯಾಪ್ಟಿವ್‌ಗಳ ಬಿಲ್ ಸಾಮಾನ್ಯವಾಗಿ ಹೇಗೆ ತಯಾರಾಗುತ್ತದೆ ಅನ್ನೋದು ಇದರಲ್ಲಿದೆ. ಇಲ್ಲಿನ ಸಂಬಳ, ಬಾಡಿಗೆ, ಕರೆಂಟು, ಕ್ಯಾಬು ಎಲ್ಲ ಸೇರಿ ಖರ್ಚು 100 ಕೋಟಿ ಆಯಿತು ಅನ್ನಿ. ಅದರ ಮೇಲೆ ಒಪ್ಪಂದದ ಪ್ರಕಾರ ಒಂದಿಷ್ಟು ಶೇಕಡಾ ಸೇರಿಸಿ ವಿದೇಶದ ಮಾಲೀಕ ಕಂಪನಿಗೆ ಬಿಲ್ ಕಳಿಸುತ್ತಾರೆ. ಶೇಕಡಾ 12 ಅಂದುಕೊಂಡರೆ 112. ಯಾಕೆ ಹೀಗೆ? ನಮ್ಮ ಆದಾಯ ತೆರಿಗೆ ಕಾಯ್ದೆ ಹೇಳುತ್ತದೆ, ಒಂದೇ ಬಳಗದ ಕಂಪನಿಗಳು ಗಡಿ ದಾಟಿ ವ್ಯವಹಾರ ಮಾಡಿದರೂ ಪರಿಚಯವಿಲ್ಲದ ಇಬ್ಬರು ವ್ಯಾಪಾರಿಗಳ ನಡುವಿನ ಬೆಲೆಯನ್ನೇ ಹಾಕಬೇಕು ಅಂತ. ಇಲ್ಲದಿದ್ದರೆ ಇಲ್ಲಿ ಲಾಭವನ್ನೇ ತೋರಿಸದೆ ಎಲ್ಲ ಅಲ್ಲಿಗೆ ಸಾಗಿಸಬಹುದಲ್ಲ. ಅದಕ್ಕೇ ಖರ್ಚಿನ ಮೇಲೆ ಇಷ್ಟು ಲಾಭ ಅನ್ನೋ ಪದ್ಧತಿ. ಟಿಪ್ಪಣಿಯಲ್ಲಿ "ಕಾಸ್ಟ್ ಪ್ಲಸ್ ಮಾರ್ಕಪ್" ಅನ್ನೋ ಮಾತು ಕಂಡರೆ ಇದೇ. ಇದರ ಇನ್ನೊಂದು ಗುರುತು, ಮೂರು ವರ್ಷದ ಲೆಕ್ಕ ತೆಗೆದು ನೋಡಿದರೆ ಲಾಭದ ಪ್ರಮಾಣ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತಿರುತ್ತದೆ. ಪೇಟೆಯಲ್ಲಿ ಗಿರಾಕಿ ಹುಡುಕಿ ಬದುಕುವ ಕಂಪನಿಯ ಲಾಭ ಹಾಗೆ ನಿಲ್ಲಲ್ಲ, ಏರುತ್ತೆ, ಇಳಿಯುತ್ತೆ.

ಇಷ್ಟಕ್ಕೇ ನಿಲ್ಲಿಸಿದರೆ ನೀವು ಮೋಸ ಹೋಗುತ್ತೀರಿ. ನಾನೂ ಮೊದಮೊದಲು ಇಲ್ಲೇ ಎಡವಿದ್ದು. ಯಾಕೆಂದರೆ ಅಕ್ಸೆಂಚರ್, ಕಾಗ್ನಿಜೆಂಟ್ ಇಂಥವೂ ವಿದೇಶದಲ್ಲಿ ತಲೆ ಇರುವ ಕಂಪನಿಗಳೇ. ಇಂಥವರ ವ್ಯವಹಾರ ಸಾಮಾನ್ಯವಾಗಿ ಹೇಗೆ ನಡೆಯುತ್ತದೆ ನೋಡಿ. ಅಮೆರಿಕದ ಗಿರಾಕಿ ಅಲ್ಲಿನ ಕಂಪನಿಯ ಜೊತೆ ಒಪ್ಪಂದ ಮಾಡುತ್ತಾನೆ, ದುಡ್ಡು ಅಲ್ಲಿಗೇ ಹೋಗುತ್ತದೆ. ಕೆಲಸ ಮಾಡುವುದು ಇಲ್ಲಿನವರು. ಇಲ್ಲಿನ ಕಂಪನಿ ಅಲ್ಲಿನ ತನ್ನದೇ ಬಳಗಕ್ಕೆ ಬಿಲ್ ಮಾಡುತ್ತದೆ. ಹಾಗಾಗಿ ಇಲ್ಲಿನ ಲೆಕ್ಕಪತ್ರ ಮಾತ್ರ ನೋಡಿದರೆ ಅದೂ ಕ್ಯಾಪ್ಟಿವ್ ಥರವೇ ಕಾಣುತ್ತದೆ. ಬಹುಪಾಲು ಆದಾಯ ಬಳಗದಿಂದ, ಮೇಲೆ ಒಂದಿಷ್ಟು ಶೇಕಡಾ. ನಂಬರಿನಲ್ಲಿ FTC ಕೂಡ ಇರಬಹುದು. ಆದರೆ ಅದು ಕ್ಯಾಪ್ಟಿವ್ ಅಲ್ಲ, ಸರ್ವೀಸಸ್ ಕಂಪನಿಯ ಕೆಲಸ ನಡೆಯುವ ಜಾಗ.

ಇದನ್ನು ನಮ್ಮೂರಿನ ಜೀನ್ಸ್ ಕೆಲಸದಲ್ಲಿ ನೋಡಿ, ತಟ್ಟನೆ ಅರ್ಥವಾಗುತ್ತದೆ. ಬಳ್ಳಾರಿಯ ಎಷ್ಟೋ ಗಲ್ಲಿಗಳಲ್ಲಿ ಹೊಲಿಗೆ ಘಟಕಗಳಿವೆ. ಒಂದು ಘಟಕದ ಒಳಗೆ ಹೋಗುತ್ತೀರಿ. ಎಂಟು ಹತ್ತು ಮಷಿನ್ನು, ಕತ್ತರಿಸಿದ ಡೆನಿಮ್ಮಿನ ಕಟ್ಟುಗಳು ಗೋಡೆಗೆ ಒರಗಿಸಿಟ್ಟಿವೆ, ಮೂಲೆಯಲ್ಲಿ ಲೇಬಲ್ಲಿನ ಡಬ್ಬ. ಡಬ್ಬದಲ್ಲಿ ಒಂದೇ ಹೆಸರಿನ ಲೇಬಲ್. ಓಹೋ, ಇದು ಆ ಬ್ರ್ಯಾಂಡಿನ ಸ್ವಂತ ಘಟಕ ಅಂತ ನೀವು ಹೇಳುತ್ತೀರಿ. ಆದರೆ ಮಾಲು ತಗೊಂಡು ಹೋಗುವ ಸೇಟು ಯಾರು? ಅವನು ತನ್ನ ಅಂಗಡಿಯಲ್ಲಿ ಮಾರುವವನಾದರೆ ನಿಮ್ಮ ಮಾತು ಸರಿ. ಅವನೇ ನಾಲ್ಕು ಪಾರ್ಟಿಗಳ ಆರ್ಡರ್ ಹಿಡಿದು ಇಲ್ಲಿ ಹೊಲಿಸುವವನಾದರೆ, ಈ ತಿಂಗಳು ಈ ಲೇಬಲ್, ಮುಂದಿನ ತಿಂಗಳು ಬೇರೆ. ಘಟಕದವನ ಬಿಲ್ ಎರಡೂ ಸಲ ಅದೇ ಸೇಟಿನ ಹೆಸರಿಗೇ ಇರುತ್ತದೆ. ಬಿಲ್ಲಿನಿಂದ ಮಾತ್ರ ಗೊತ್ತಾಗಲ್ಲ.

ಹಾಗಾಗಿ ಎರಡನೇ ಪ್ರಶ್ನೆ ಬೇಕು. ಬಿಲ್ ತಗೊಳ್ಳುವವನು ಏನು ಮಾರಿ ಬದುಕುತ್ತಾನೆ? ಟಾರ್ಗೆಟ್ ಸಾಮಾನು ಮಾರುತ್ತದೆ, ಮರ್ಸಿಡಿಸ್ ಕಾರು ಮಾರುತ್ತದೆ. ಇಲ್ಲಿನ ಕಚೇರಿ ಅವರ ಸ್ವಂತ ಕೆಲಸಕ್ಕೆ, ಅಂದರೆ ಕ್ಯಾಪ್ಟಿವ್. ಅಕ್ಸೆಂಚರ್ ಏನು ಮಾರುತ್ತದೆ? ಬೇರೆಯವರಿಗೆ ಸಲಹೆ ಮತ್ತು ತಂತ್ರಜ್ಞಾನದ ಕೆಲಸವನ್ನೇ ಮಾರುತ್ತದೆ. ಅಂದರೆ ಸರ್ವೀಸಸ್. ಇಲ್ಲಿನ ಲೆಕ್ಕಪತ್ರದಲ್ಲಿ "ಅಲ್ಟಿಮೇಟ್ ಹೋಲ್ಡಿಂಗ್ ಕಂಪನಿ" ಅಂತ ಒಂದು ಹೆಸರು ಇರುತ್ತದೆ, ಅಂದರೆ ಎಲ್ಲಕ್ಕಿಂತ ಮೇಲಿನ ಮಾಲೀಕ. ಆ ಹೆಸರನ್ನು ಹುಡುಕಿ, ಅದು ಷೇರು ಪೇಟೆಯ ಕಂಪನಿಯಾದರೆ ಅದರ ವಾರ್ಷಿಕ ವರದಿಯ ಮೊದಲ ಪುಟಗಳಲ್ಲೇ ನಾವು ಏನು ವ್ಯಾಪಾರ ಮಾಡುತ್ತೇವೆ ಅಂತ ಬರೆದಿರುತ್ತಾರೆ.

ಒಂದು ಸಂಗತಿ ಪೂರ್ತಿ ಹೇಳುತ್ತೇನೆ. ಸಿರುಗುಪ್ಪದ ನನ್ನ ಗೆಳೆಯನ ಮಗಳು, ನನ್ನನ್ನು ಮಾಮ ಅಂತಾಳೆ. ಅವಳಿಗೆ ಒಂದೇ ತಿಂಗಳಲ್ಲಿ ಎರಡು ಆಫರ್ ಬಂದವು. ಎರಡೂ ಬೆಂಗಳೂರು, ಎರಡೂ "ಇಂಡಿಯಾ ಪ್ರೈವೇಟ್ ಲಿಮಿಟೆಡ್", ಸಂಬಳದಲ್ಲಿ ಅಂಥ ವ್ಯತ್ಯಾಸ ಇಲ್ಲ. ಅವಳು ನೋಡಿದ್ದ ಇನ್ನೊಂದು ಪಟ್ಟಿಯಲ್ಲಿ ಎರಡಕ್ಕೂ ಜಿಸಿಸಿ ಅಂತ ಹಾಕಿದ್ದರು. "ಮಾಮ, ಎರಡೂ ಒಂದೇ ಥರ ಅದಾವಲ್ಲ, ಯಾವುದಕ್ಕ ಹೋಗಲಿ?" ಅಂತ ಫೋನ್ ಮಾಡಿದಳು. ನಾನು ಅಂದೆ, ಕಾಗದ ಎರಡೂ ತಗೊಂಡು ಭಾನುವಾರ ಮನೆಗೆ ಬಾ.

ಬಂದಳು. ಎರಡೂ ಕಾಗದದ ಕೆಳಗಿನ ನಂಬರ್ ಬರೆದುಕೊಂಡೆವು. ಎರಡರಲ್ಲೂ FTC. ಇಲ್ಲಿಯವರೆಗೆ ಸಮ. ಆಮೇಲೆ ಎರಡರ ಲೆಕ್ಕಪತ್ರ ತೆಗೆದೆವು, 200 ರೂಪಾಯಿ. ಮೊದಲ ಕಂಪನಿಯ ಆದಾಯದ ಸಾಲಿನ ಮೇಲೆ ಅವಳು ಬೆರಳಿಟ್ಟಳು, ನಾನು ಹಿಂದಿನ ಪುಟಗಳಲ್ಲಿ ಬಳಗದ ಟಿಪ್ಪಣಿ ಹುಡುಕಿದೆ. ಎರಡೂ ಅಂಕಿ ಕೊನೆಯ ರೂಪಾಯಿವರೆಗೂ ಒಂದೇ. ಎರಡನೇ ಕಂಪನಿಯದೂ ಒಂದೇ ಬಂತು. "ಇನ್ನೇನು ಮಾಮ, ಎರಡೂ ಕ್ಯಾಪ್ಟಿವ್" ಅಂದಳು. ಲೆಕ್ಕಪತ್ರ ಮಾತ್ರ ನೋಡುವವರು ಯಾರಾದರೂ ಇದನ್ನೇ ಹೇಳುತ್ತಾರೆ.

ಆಮೇಲೆ ಮೇಲಿನ ಮಾಲೀಕರನ್ನು ನೋಡಿದೆವು. ಮೊದಲನೆಯದರ ಮಾಲೀಕ ಯುರೋಪಿನ ಒಂದು ವಿಮಾ ಕಂಪನಿ. ಜನರಿಗೆ ಪಾಲಿಸಿ ಮಾರುತ್ತದೆ, ಪ್ರೀಮಿಯಂ ತಗೊಳ್ಳುತ್ತದೆ. ಅದರ ತಾಣದಲ್ಲಿ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ ಬನ್ನಿ ಅನ್ನೋ ಮಾತು ಎಲ್ಲೂ ಇಲ್ಲ. ಎರಡನೆಯದರ ಮಾಲೀಕ ಅಮೆರಿಕದ ಕಂಪನಿ, ಅದರ ತಾಣ ತೆರೆದರೆ ಮೇಲ್ಗಡೆಯೇ ಬ್ಯಾಂಕಿಂಗ್, ಆಸ್ಪತ್ರೆ, ರಿಟೇಲ್, ವಿಮಾನಯಾನ ಅಂತ ಸಾಲು. ಅವೆಲ್ಲ ಅದರ ಗಿರಾಕಿಗಳ ವ್ಯಾಪಾರ, ಅದರ ಸ್ವಂತದ್ದಲ್ಲ. ಅಲ್ಲಿಗೆ ಉತ್ತರ ಸಿಕ್ಕಿತು. ಪಟ್ಟಿ ಮಾಡಿದವರು ವಿದೇಶದ ಹೆಸರು ನೋಡಿ ಎರಡಕ್ಕೂ ಜಿಸಿಸಿ ಅಂತ ಹಾಕಿಬಿಟ್ಟಿದ್ದರು.

ಎಲ್ಲರೂ ಲೆಕ್ಕಪತ್ರ ತೆಗೆಯುವಷ್ಟು ಪುರುಸೊತ್ತು ಇರಲ್ಲ, ಅರ್ಜಿ ಹಾಕುವ ಹಂತದಲ್ಲೇ ಒಂದು ಅಂದಾಜು ಬೇಕು ಅಂದರೆ ಆ ಕಂಪನಿ ಬೆಂಗಳೂರಿನಲ್ಲಿ ಕರೆದಿರುವ ಕೆಲಸಗಳನ್ನೆಲ್ಲ ಒಮ್ಮೆ ಓದಿ. ನಿಮ್ಮ ಕೆಲಸ ಒಂದೇ ಅಲ್ಲ, ಎಲ್ಲ. ಸರ್ವೀಸಸ್ ಕಂಪನಿಯಲ್ಲಿ ಗಿರಾಕಿ ತರುವವರು ಬೇಕೇ ಬೇಕು. ಹಾಗಾಗಿ ಪ್ರೀ-ಸೇಲ್ಸ್, ಅಕೌಂಟ್ ಮ್ಯಾನೇಜರ್, ಪ್ರಪೋಸಲ್ ಬರೆಯುವವರು, ಇಂಥ ಕೆಲಸಗಳು ಎಲ್ಲಾದರೂ ಕಾಣುತ್ತವೆ. ಕ್ಯಾಪ್ಟಿವ್‌ಗೆ ಗಿರಾಕಿ ಹುಡುಕುವ ಕೆಲಸವೇ ಇಲ್ಲ, ಸಾಫ್ಟ್‌ವೇರ್ ಕೆಲಸ ಮಾರುವ ಹುದ್ದೆ ಅಲ್ಲಿ ಕಾಣುವುದು ಅಪರೂಪ. ಮಾತಿನ ವರಸೆಯೂ ಬೇರೆ. ಸರ್ವೀಸಸ್ ಕಡೆ ಕ್ಲೈಂಟ್, ಬಿಲ್ಲಬಲ್, ಆನ್‌ಸೈಟ್, ಬೆಂಚ್, ಕ್ಲೈಂಟ್ ಇಂಟರ್‌ವ್ಯೂ. ಕ್ಯಾಪ್ಟಿವ್ ಕಡೆ ನಮ್ಮ ಅಂಗಡಿಗಳು, ನಮ್ಮ ಗ್ರಾಹಕರ ಕಾರುಗಳು, ನಮ್ಮ ಪಾಲಿಸಿದಾರರು ಅನ್ನೋ ಥರ ಬರೆದಿರುತ್ತಾರೆ, ಬೇರೆ ದೇಶದ ತಂಡವನ್ನು ಸ್ಟೇಕ್‌ಹೋಲ್ಡರ್ ಅಂತಾರೆ. ಕ್ಲೈಂಟ್ ಅನ್ನೋ ಪದ ಮಾತ್ರ ಹಿಡಿದುಕೊಂಡು ಹೋಗಬೇಡಿ. ಬ್ಯಾಂಕುಗಳಲ್ಲಿ ಬ್ಯಾಂಕಿನ ಗ್ರಾಹಕರನ್ನೂ ಕ್ಲೈಂಟ್ ಅಂತಲೇ ಕರೆಯುತ್ತಾರೆ.

ಇದಕ್ಕಿಂತ ಜಾಸ್ತಿ ಜನ ಎಡವುವ ಜಾಗ ಇನ್ನೊಂದಿದೆ, ಅದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಜಾಹೀರಾತಿನ ತಲೆಯಲ್ಲಿ ಒಂದು ದೊಡ್ಡ ಕ್ಯಾಪ್ಟಿವ್‌ನ ಹೆಸರು ಇರುತ್ತದೆ. ಕೆಲಸದ ಜಾಗವೂ ಅದರದೇ ಕ್ಯಾಂಪಸ್. ಆದರೆ ಒಳಗೆ ಎಲ್ಲೋ "ಪೇರೋಲ್" ಅಥವಾ "ಸಿ2ಎಚ್" ಅಂತ ಒಂದು ಪದ. ಸಿ2ಎಚ್ ಅಂದರೆ ಕಾಂಟ್ರ್ಯಾಕ್ಟ್ ಟು ಹೈರ್, ಮೊದಲು ಬೇರೆ ಏಜೆನ್ಸಿಯ ಕಾಂಟ್ರ್ಯಾಕ್ಟಿನಲ್ಲಿ ಸೇರಿ, ಆಮೇಲೆ ಬೇಕಾದರೆ ತಗೊಳ್ಳುತ್ತೇವೆ. ಕ್ಯಾಪ್ಟಿವ್ ಸೆಂಟರ್‌ಗಳು ಕೂಡ ಸರ್ವೀಸಸ್ ಕಂಪನಿಗಳಿಂದ, ಏಜೆನ್ಸಿಗಳಿಂದ ಜನ ತಗೊಳ್ಳುತ್ತವೆ. ಒಂದೇ ತಂಡದಲ್ಲಿ ಪಕ್ಕಪಕ್ಕ ಕೂತ ಇಬ್ಬರಲ್ಲಿ ಒಬ್ಬರು ಕ್ಯಾಪ್ಟಿವ್‌ನವರು, ಇನ್ನೊಬ್ಬರು ಏಜೆನ್ಸಿಯವರು. ಐಡಿ ಕಾರ್ಡಿನ ಪಟ್ಟಿಯ ಬಣ್ಣ ಬೇರೆ ಇರುವುದನ್ನು ನಾನೇ ನೋಡಿದ್ದೇನೆ. ನಮ್ಮ ಕಡೆಯ ಹುಡುಗ ಒಬ್ಬ ಊರಲ್ಲೆಲ್ಲ ದೊಡ್ಡ ಬ್ಯಾಂಕಿಗೆ ಸೇರಿದೆ ಅಂತ ಹೇಳಿಕೊಂಡಿದ್ದ, ಪಿಎಫ್ ಚೀಟಿ ಬಂದಾಗ ಅದರ ಮೇಲೆ ಅವನು ಕೇಳಿರದ ಹೆಸರು ಇತ್ತು. ಅವನ ತಪ್ಪೇನೂ ಇಲ್ಲ, ಅವನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಹಾಗಾಗಿ ಎಚ್‌ಆರ್ ಫೋನ್ ಮಾಡಿದಾಗ ನೇರವಾಗಿ ಕೇಳಿ: "ನನ್ನ ಆಫರ್ ಲೆಟರ್ ಮೇಲೆ ಯಾವ ಕಂಪನಿಯ ಹೆಸರು ಇರುತ್ತೆ ಮೇಡಂ? ಪಿಎಫ್ ಕಟ್ಟೋದು ಯಾರು?" ಇದು ಒರಟುತನ ಅಲ್ಲ. ಅವರಿಗೆ ದಿನಾ ಕೇಳುವ ಪ್ರಶ್ನೆ.

ಎರಡೂ ಕಡೆ ಕಾಲಿಟ್ಟವರೂ ಇದ್ದಾರೆ. ಬಾಷ್‌ನ ಸಾಫ್ಟ್‌ವೇರ್ ಕಂಪನಿ, ಈಗ ಬಾಷ್ ಗ್ಲೋಬಲ್ ಸಾಫ್ಟ್‌ವೇರ್ ಟೆಕ್ನಾಲಜೀಸ್ ಅಂತ ಹೆಸರು, ಬಾಷ್ ಬಳಗಕ್ಕೂ ಕೆಲಸ ಮಾಡುತ್ತದೆ, ಹೊರಗಿನ ಗಿರಾಕಿಗಳಿಗೂ ಮಾಡುತ್ತದೆ. ಗಣಿಯಲ್ಲೂ ಇದೇ ಆಗಿದೆ ನೋಡಿ, 2021ರ ಕಾಯ್ದೆ ತಿದ್ದುಪಡಿಯ ನಂತರ ಕ್ಯಾಪ್ಟಿವ್ ಗಣಿಯವರು ತಮ್ಮ ಕಾರ್ಖಾನೆಗೆ ಬೇಕಾದಷ್ಟು ಕೊಟ್ಟ ಮೇಲೆ ವರ್ಷದ ಉತ್ಪಾದನೆಯ ಅರ್ಧದವರೆಗೆ ಹೊರಗೆ ಮಾರಬಹುದು. ಇಂಥ ಕಂಪನಿಯನ್ನು ಯಾವುದಾದರೂ ಒಂದು ಖಾನೆಗೆ ಬಲವಂತವಾಗಿ ತುರುಕಬೇಡಿ. ನಿಮ್ಮ ತಂಡ ಯಾರಿಗೆ ಕೆಲಸ ಮಾಡುತ್ತದೆ ಅಂತ ಇಂಟರ್‌ವ್ಯೂನಲ್ಲಿ ಕೇಳಿ, ಅಷ್ಟು ಸಾಕು.

ಮತ್ತೆ, ಪಟ್ಟಿಯ ತಾರೀಖು ನೋಡಿ. ಕ್ಯಾಪ್ಟಿವ್ ಆಗಿದ್ದದ್ದು ಕ್ಯಾಪ್ಟಿವ್ ಆಗಿಯೇ ಉಳಿಯಬೇಕೆಂದಿಲ್ಲ. ಜಿಇ ಕಂಪನಿ ತನ್ನ ಬ್ಯಾಕ್ ಆಫೀಸ್ ಕೆಲಸಕ್ಕೆ ಭಾರತದಲ್ಲಿ ಕಟ್ಟಿದ ಜಿಇಸಿಐಎಸ್ ಅನ್ನೋ ಕ್ಯಾಪ್ಟಿವ್‌ನಲ್ಲಿ ದೊಡ್ಡ ಪಾಲನ್ನು ಹೊರಗಿನ ಹೂಡಿಕೆದಾರರಿಗೆ ಮಾರಿತು, 2005ರಲ್ಲಿ ಅದೇ ಜೆನ್‌ಪ್ಯಾಕ್ಟ್ ಆಯಿತು, ಎಲ್ಲರಿಗೂ ಕೆಲಸ ಮಾಡಿಕೊಡುವ ಕಂಪನಿ. 2008ರಲ್ಲಿ ಸಿಟಿ ಬ್ಯಾಂಕಿನ ಬಳಗ ತನ್ನ ಇಲ್ಲಿನ ಸಿಟಿಗ್ರೂಪ್ ಗ್ಲೋಬಲ್ ಸರ್ವೀಸಸ್ ಅನ್ನು ಸುಮಾರು 50 ಕೋಟಿ ಡಾಲರ್‌ಗೆ ಟಿಸಿಎಸ್‌ಗೆ ಮಾರಿತು, ಮಾರುವಾಗಲೇ ಮುಂದಿನ ಒಂಬತ್ತೂವರೆ ವರ್ಷ ತನ್ನ ಕೆಲಸವನ್ನು ಅವರಿಗೇ ಕೊಡುವುದಾಗಿ ಒಪ್ಪಂದ ಮಾಡಿಕೊಂಡಿತು. ಅಂದರೆ ಮಾಡುವ ಕೆಲಸ ಅದೇ ಬ್ಯಾಂಕಿನದು, ಆದರೆ ಬ್ಯಾಂಕು ಮಾಲೀಕನ ಜಾಗದಿಂದ ಗಿರಾಕಿಯ ಜಾಗಕ್ಕೆ ಬಂತು. ನಾನೂ ಇಂಥದ್ದೊಂದು ಮಾರಾಟದ ಒಳಗಿದ್ದವನು. ಸೋಮವಾರ ಬೆಳಿಗ್ಗೆ ಹೋದಾಗ ಕುರ್ಚಿ ಅದೇ, ಮ್ಯಾನೇಜರ್ ಅದೇ. ಮೂರು ತಿಂಗಳ ನಂತರ ಟೈಮ್‌ಶೀಟ್ ತುಂಬಲು ಹೇಳಿದರು, ಪ್ರತಿ ಗಂಟೆಗೂ ಒಂದು ಪ್ರಾಜೆಕ್ಟ್ ಕೋಡ್. ಅಲ್ಲಿಯವರೆಗೆ ನನ್ನ ಗಂಟೆಗೆ ಬೆಲೆ ಹಾಕಿ ಬಿಲ್ ಕಳಿಸುವ ಅಗತ್ಯ ಯಾರಿಗೂ ಇರಲಿಲ್ಲ.

ಕೆಲಸಕ್ಕೆ ಸೇರುವವರಿಗೆ ಇದರಿಂದ ಏನಾಗುತ್ತದೆ ಅಂತ ಮುಂದಿನ ಸಾಲಿನಲ್ಲಿ ಕೂತವರು ಆಗಲೇ ಕೇಳಿದರು. ಸರ್ವೀಸಸ್‌ನಲ್ಲಿ ಒಂದು ಪ್ರಾಜೆಕ್ಟ್ ಮುಗಿದರೆ ಇನ್ನೊಂದು, ಇವತ್ತು ಬ್ಯಾಂಕು, ನಾಳೆ ಆಸ್ಪತ್ರೆ. ನಡುವೆ ಕೆಲಸ ಇಲ್ಲದೆ ಬೆಂಚಿನಲ್ಲಿ ಕೂರುವ ದಿನಗಳೂ ಇರುತ್ತವೆ. ಹೊಸಬರನ್ನು ದೊಡ್ಡ ಸಂಖ್ಯೆಯಲ್ಲಿ ತಗೊಂಡು ತಿಂಗಳುಗಟ್ಟಲೆ ತರಬೇತಿ ಕೊಡುವ ಪದ್ಧತಿ ದೊಡ್ಡ ಸರ್ವೀಸಸ್ ಕಂಪನಿಗಳಲ್ಲೇ ಬೆಳೆದದ್ದು, ನಮ್ಮ ಕಡೆಯ ಕಾಲೇಜುಗಳಿಂದ ಹೋದ ಎಷ್ಟೋ ಜನ ಆ ಬಾಗಿಲಿನಿಂದಲೇ ಒಳಗೆ ಹೋದವರು. ಕ್ಯಾಪ್ಟಿವ್‌ನಲ್ಲಿ ಒಂದೇ ವ್ಯಾಪಾರದ ಒಳಹೊರಗು ವರ್ಷಗಟ್ಟಲೆ ಕಲಿಯುತ್ತೀರಿ. ಆದರೆ ಆ ಒಬ್ಬ ಮಾಲೀಕನ ವ್ಯಾಪಾರ ಕುಸಿದರೆ, ಅವನು ಇಲ್ಲಿನ ಕಚೇರಿ ಮುಚ್ಚಬೇಕು ಅಂದುಕೊಂಡರೆ, ಬೇರೆ ಗಿರಾಕಿ ಅಂತ ಇರುವುದಿಲ್ಲ. ಅದಕ್ಕೇ ಕ್ಯಾಪ್ಟಿವ್ ಸೇರುವವರು ಇಲ್ಲಿನ ಕಂಪನಿಯ ಲಾಭ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ, ಆ ಲಾಭ ಬಿಲ್ಲಿನ ಲೆಕ್ಕದಿಂದ ಬಂದದ್ದು. ಮೇಲಿನ ಮಾಲೀಕನ ಲಾಭ-ನಷ್ಟ ನೋಡಿ.

ಸಿರುಗುಪ್ಪದ ಹುಡುಗಿ ಎರಡನೆಯದಕ್ಕೆ ಸೇರಿದಳು. ಕ್ಯಾಪ್ಟಿವ್ ಬಿಟ್ಟು ಸರ್ವೀಸಸ್‌ಗೆ ಯಾಕೆ ಅಂತ ಅವಳ ಅಪ್ಪ ಕೇಳಿದ್ದಕ್ಕೆ, ಮೊದಲ ಎರಡು ವರ್ಷ ಬೇರೆ ಬೇರೆ ಕೆಲಸ ನೋಡಬೇಕು ಅಂದಳಂತೆ. ಸೇರುವ ಮುಂಚೆ ಎಚ್‌ಆರ್‌ಗೆ ಫೋನ್ ಮಾಡಿ ಬಾಂಡ್ ಎಷ್ಟು ವರ್ಷ, ಬೆಂಚಿನಲ್ಲಿ ಕೂತಾಗ ಪೂರ್ತಿ ಸಂಬಳ ಬರುತ್ತಾ ಅಂತ ಕೇಳಿ, ಉತ್ತರವನ್ನು ಇಮೇಲಿನಲ್ಲೇ ತರಿಸಿಕೊಂಡಳು.